ಕೊನೆ ಗಳಿಗೆಯಲ್ಲಿ ಮೀಟಿಂಗ್ ಸಮಯ ಬದಲಿಸುವ ಕ್ಲೈಂಟ್‌ಗೆ ಬೇಸರವಾಗದಂತೆ ಹೇಳುವುದು ಹೇಗೆ?

ಕೇಳಿದವರು: ಮೈಸೂರಿನ ಇಂಟೀರಿಯರ್ ಡಿಸೈನರ್

ಒಂದು ಮನೆಯ ಅಡುಗೆಮನೆ, ವಾರ್ಡ್‌ರೋಬ್ ಕೆಲಸ ನಡೆಯುತ್ತಿದೆ. ಕ್ಲೈಂಟ್ ಅಂಗಡಿ ನಡೆಸುತ್ತಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು, ತುಂಬ ಒಳ್ಳೆಯವರು, ಹಣವನ್ನೂ ಸರಿಯಾಗಿ ಕೊಡುತ್ತಾರೆ. ಆದರೆ ಸೈಟ್ ಮೀಟಿಂಗ್ ಇದ್ದ ದಿನ ಬೆಳಿಗ್ಗೆ ಮೆಸೇಜ್ ಬರುತ್ತದೆ: "ಇವತ್ತು ಬೇಡಮ್ಮ, ನಾಳೆ ನೋಡೋಣ." ಅಷ್ಟರಲ್ಲಿ ಬಡಗಿ, ಗ್ರಾನೈಟ್‌ನವರು ಹೊರಟಿರುತ್ತಾರೆ. ಅವರ ಅರ್ಧ ದಿನದ ಕೂಲಿ ನನ್ನ ಮೇಲೆ ಬೀಳುತ್ತಿದೆ. ಬದಲಿಸಬೇಡಿ ಎಂದಲ್ಲ, ಸ್ವಲ್ಪ ಮುಂಚೆ ಹೇಳಿ ಎನ್ನಬೇಕು. ನೀವೆಲ್ಲ ಇದನ್ನು ಹೇಗೆ ಹೇಳಿದ್ದೀರಿ?

ಬೆಂಗಳೂರು, ಫ್ರೀಲಾನ್ಸ್ ವೆಬ್ ಡಿಸೈನರ್

ದುಡ್ಡು ಹಾಕಿ. ಹಿಂದಿನ ದಿನದೊಳಗೆ ಹೇಳದೆ ಬದಲಿಸಿದರೆ 1000 ರೂಪಾಯಿ ಎಂದು ಒಂದು ಸಾಲು ಕಳಿಸಿ. ನನ್ನ ಕ್ಲೈಂಟ್‌ಗಳು ಅದಾದ ಮೇಲೆ ಒಮ್ಮೆಯೂ ಕೊನೆ ಗಳಿಗೆಯಲ್ಲಿ ಬದಲಿಸಿಲ್ಲ. ಮಾತು ಮೃದುವಾಗಿದ್ದರೆ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ.

ಶಿವಮೊಗ್ಗ, ಆರ್ಕಿಟೆಕ್ಟ್

ಮೇಲೆ ಹೇಳಿದ್ದರಲ್ಲಿ ಅರ್ಧ ಸರಿ. ನಿಯಮ ಖಚಿತವಾಗಿರಬೇಕು, ಅದು ನಿಜ. ಆದರೆ ಕೆಲಸದ ಮಧ್ಯದಲ್ಲಿ ಹೊಸ ಶುಲ್ಕ ತರಬೇಡಿ. ನಿಮ್ಮ ಕೊಟೇಶನ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಅವರು ಕೊಡಬೇಕಾಗಿಲ್ಲ. ಒಪ್ಪಂದವನ್ನು ಒಬ್ಬರೇ ಬದಲಿಸಲು ಬರುವುದಿಲ್ಲ, ಇಬ್ಬರೂ ಒಪ್ಪಬೇಕು. ಸರಿಯಾಗಿ ಹಣ ಕೊಡುವ ಹಿರಿಯರಿಗೆ ಇದ್ದಕ್ಕಿದ್ದಂತೆ ದಂಡ ಎಂದರೆ ಸಂಬಂಧವೂ ಕೆಡುತ್ತದೆ. ಅದನ್ನು ಮುಂದಿನ ಕೆಲಸದ ಕೊಟೇಶನ್‌ಗೆ ಸೇರಿಸಿ.

ಈಗ ಹೇಳುವ ವಿಷಯಕ್ಕೆ ಬರುತ್ತೇನೆ. ಮೊದಲನೆಯದು, ಅವರು ಬದಲಿಸಿದ ಬೆಳಿಗ್ಗೆಯೇ ಹೇಳಬೇಡಿ. ಆಗ ನಿಮ್ಮ ಮಾತು ಎಷ್ಟೇ ಮೃದುವಾಗಿದ್ದರೂ ಬೈದ ಹಾಗೆ ಕೇಳುತ್ತದೆ. ಮುಂದಿನ ಭೇಟಿ ಗೊತ್ತುಮಾಡುವಾಗ ಹೇಳಿ. ಆಗ ಅದು ಹಿಂದೆ ಆದದ್ದರ ಲೆಕ್ಕವಾಗುವುದಿಲ್ಲ, ಮುಂದಿನ ಕೆಲಸದ ವ್ಯವಸ್ಥೆಯಾಗುತ್ತದೆ. "ನೀವು ಪ್ರತಿ ಸಲ" ಎಂಬ ಮಾತು ಎಲ್ಲೂ ಬರಬಾರದು.

ಎರಡನೆಯದು, "ಸ್ವಲ್ಪ ಮುಂಚೆ ಹೇಳಿ" ಎಂದರೆ ಏನೂ ಹೇಳಿದ ಹಾಗಲ್ಲ. ಬೆಳಿಗ್ಗೆ 8ಕ್ಕೆ ಮೆಸೇಜ್ ಮಾಡಿದವರಿಗೆ 11ರ ಮೀಟಿಂಗ್‌ಗೆ ಅದೇ ಸ್ವಲ್ಪ ಮುಂಚೆ. "24 ಗಂಟೆ" ಎಂಬುದೂ ನನಗೆ ಹಿಡಿಸುವುದಿಲ್ಲ, ಪ್ರತಿ ಸಲ ಎಣಿಸಬೇಕು. ಒಂದು ಗಡಿಯಾರದ ಹೊತ್ತು ಕೊಡಿ. ಹಿಂದಿನ ದಿನ ಸಂಜೆ 5 ಗಂಟೆ ಎನ್ನಿ. ಯಾಕೆ 5? ಬಡಗಿ ಅಂದಿನ ಕೆಲಸ ಮುಗಿಸಿ ನಾಳೆ ಯಾವ ಸೈಟ್ ಎಂದು ಕೇಳುವುದು ಆ ಹೊತ್ತಿಗೇ. ಆಗ ಗೊತ್ತಾದರೆ ಅವನು ಬೇರೆ ಕಡೆ ಹೋಗುತ್ತಾನೆ, ಯಾರ ಕೂಲಿಯೂ ಹೋಗುವುದಿಲ್ಲ.

ಮೂರನೆಯದೇ ಮುಖ್ಯ. ಆ ಹೊತ್ತು ಮೀರಿದರೆ ಏನಾಗುತ್ತದೆ ಎಂಬುದನ್ನು ಅದೇ ಮೆಸೇಜಿನಲ್ಲಿ ಹೇಳಿ. ದಂಡ ಬೇಡ. ಭೇಟಿ ನಿಮ್ಮ ಮುಂದಿನ ಖಾಲಿ ದಿನಕ್ಕೆ ಹೋಗುತ್ತದೆ, ಮರುದಿನಕ್ಕಲ್ಲ. ಈಗ ಅವರು "ನಾಳೆ ನೋಡೋಣ" ಎಂದಾಗ ನೀವು ನಾಳೆಯೇ ಹೋಗುತ್ತಿದ್ದೀರಿ, ಅಲ್ವಾ? ಹಾಗಾಗಿ ಬದಲಿಸಿದರೂ ಅವರ ಕೆಲಸ ಒಂದೇ ದಿನ ಹಿಂದೆ ಬೀಳುತ್ತದೆ. ನಿಮ್ಮ ನಷ್ಟ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಸರ್. ಅಡುಗೆಮನೆ ಕೆಲಸ ಗ್ರಾನೈಟ್ ಹಂತಕ್ಕೆ ಬಂದಿದೆ. ಇನ್ನು ಮುಂದಿನ ಭೇಟಿಗಳಿಗೆ ನನ್ನ ಜೊತೆ ಬಡಗಿ ಮತ್ತು ಗ್ರಾನೈಟ್‌ನವರೂ ಬರುತ್ತಾರೆ. ಅವರ ಮರುದಿನದ ಕೆಲಸವನ್ನು ನಾನು ಹಿಂದಿನ ಸಂಜೆಯೇ ಗೊತ್ತುಮಾಡಬೇಕು. ಹಾಗಾಗಿ ಸಮಯ ಬದಲಿಸುವುದಿದ್ದರೆ ದಯವಿಟ್ಟು ಹಿಂದಿನ ದಿನ ಸಂಜೆ 5ರೊಳಗೆ ತಿಳಿಸಿ. ಅದಾದ ಮೇಲೆ ಬದಲಾದರೆ ಮುಂದಿನ ಬುಧವಾರ ಅಥವಾ ಶನಿವಾರಕ್ಕೆ ಹಾಕಿಕೊಳ್ಳೋಣ, ಅಲ್ಲಿಯವರೆಗೆ ಆ ಭಾಗದ ಕೆಲಸ ನಿಂತಿರುತ್ತದೆ. ಮನೆಯಲ್ಲಿ ತುರ್ತು ಏನಾದರೂ ಇದ್ದರೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಅದಕ್ಕೆ ಈ ಲೆಕ್ಕ ಇಲ್ಲ. ಶನಿವಾರ 11 ಗಂಟೆ ನಿಮಗೆ ಆಗುತ್ತದೆಯೇ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅವರು ನಿಯಮಕ್ಕೆ ಉತ್ತರ ಕೊಡಬೇಕಾಗಿಲ್ಲ, ಸಮಯಕ್ಕೆ ಕೊಟ್ಟರೆ ಸಾಕು. "ಆಗುತ್ತದೆ" ಎಂದರೆ ಉಳಿದದ್ದನ್ನೂ ಓದಿ ಒಪ್ಪಿದ ಹಾಗೆ.

ಮಂಗಳೂರು, ಸಾಫ್ಟ್‌ವೇರ್ ಕನ್ಸಲ್ಟೆಂಟ್

ನನ್ನ ನ್ಯೂಜೆರ್ಸಿ ಕ್ಲೈಂಟ್ ಕೂಡ ಹೀಗೇ ಸಮಯ ಬದಲಿಸುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಅವರ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಕ್ಯಾಲೆಂಡರ್‌ನಲ್ಲಿ ಯಾರ ಟೈಮ್‌ಝೋನ್ ಹಾಕಿದ್ದಾರೆ ಎಂದು ಮೊದಲು ನೋಡಿ.

ಕೇಳಿದವರು

ಸರ್, ನನ್ನ ಕ್ಲೈಂಟ್ ಸೈಟ್‌ನಿಂದ ಎರಡು ರಸ್ತೆ ಆಚೆ ಇರುವವರು 🙂 ಆದರೂ ಧನ್ಯವಾದ, ನನ್ನ ತಮ್ಮನಿಗೆ ಇದು ಬೇಕಾಗಿತ್ತು.

ಆರ್ಕಿಟೆಕ್ಟ್ ಅವರಿಗೆ: ನಿಮ್ಮ ಮೆಸೇಜ್ ಇಷ್ಟವಾಯಿತು. ಆದರೆ ಹಿರಿಯರಿಗೆ ಇಷ್ಟುದ್ದ ಬರೆದು ಕಳಿಸಿದರೆ ನೋಟಿಸ್ ಥರ ಅನ್ನಿಸುವುದಿಲ್ಲವೇ?

ಹುಬ್ಬಳ್ಳಿ, ಸಿವಿಲ್ ಕಂಟ್ರಾಕ್ಟರ್

ಅನ್ನಿಸುತ್ತದೆ ತಂಗಿ. ಮೊದಲು ಎದುರಾಎದುರು ಹೇಳು, ಇಲ್ಲವೇ ಫೋನ್ ಮಾಡು. "ಸರ್, ಸಂಜೆ ಐದರೊಳಗ ಒಂದು ಮಾತು ಹೇಳಿಬಿಟ್ಟರೆ ಹುಡುಗರನ್ನು ಬೇರೆ ಕಡೆ ಕಳಿಸುತ್ತೇನೆ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ "ಮಾತಾಡಿದ ಹಾಗೆ" ಎಂದು ಶುರುಮಾಡಿ ಮೆಸೇಜ್ ಹಾಕು. ಬರೀ ಬಾಯಿಮಾತು ಮರೆತುಹೋಗುತ್ತದೆ, ಬರೀ ಬರಹ ಮುನಿಸು ತರುತ್ತದೆ. ನಾನು ಎರಡನ್ನೂ ಮಾಡುತ್ತೇನೆ.

ಇನ್ನೊಂದು. ಐದು ಗಂಟೆ ಎಂದು ಹೇಳಿ ಸುಮ್ನೆ ಕೂರಬೇಡ. ನಾಲ್ಕು ಗಂಟೆಗೆ ನೀನೇ ಕೇಳು: "ನಾಳೆ 11ಕ್ಕೆ ಬರುತ್ತೇವೆ ಸರ್, ಹುಡುಗರಿಗೆ ಹೇಳಿಬಿಡಲೇ?" ಆಗ ಅವರಿಗೂ ನೆನಪಾಗುತ್ತದೆ. ಬದಲಿಸುವುದಿದ್ದರೆ ಅಲ್ಲೇ ಹೇಳುತ್ತಾರೆ.

ತುಮಕೂರು, ಅಂಗಡಿ ಮಾಲೀಕರು

ಅಂಗಡಿಯವರ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ 11 ಎಂಬುದು ವ್ಯಾಪಾರಿಗೆ ಬಹಳ ಕೆಟ್ಟ ಹೊತ್ತು. ಲೋಡ್ ಬರುತ್ತದೆ, ಕೆಲಸದ ಹುಡುಗ ಬಂದಿರುವುದಿಲ್ಲ, ಬ್ಯಾಂಕಿಗೆ ಹೋಗಬೇಕು. ಇದು ಹಿಂದಿನ ಸಂಜೆ 5ಕ್ಕೆ ಗೊತ್ತಾಗುವ ವಿಷಯವೇ ಅಲ್ಲ. ನನ್ನನ್ನು ಕೇಳಿದರೆ ಅಂಗಡಿ ತೆರೆಯುವ ಮುಂಚೆ, 8:30ಕ್ಕೆ ಬನ್ನಿ ಎನ್ನುತ್ತೇನೆ. ಇಲ್ಲವೇ ಅಂಗಡಿಗೆ ರಜೆ ಇರುವ ದಿನ. ತಿಂಗಳ 11 ಮತ್ತು 20ರ ಹತ್ತಿರವೂ ಬೇಡ, ಜಿಎಸ್‌ಟಿ ರಿಟರ್ನ್‌ಗೆ ಆಡಿಟರ್ ಯಾವಾಗ ಬಿಲ್ ಕೇಳುತ್ತಾರೋ ಗೊತ್ತಿಲ್ಲ. ನೋಟಿಸ್ ಕೇಳುವ ಮುಂಚೆ "ಯಾವ ಹೊತ್ತು ನಿಮ್ಮ ಕೈಯಲ್ಲಿರುತ್ತದೆ?" ಎಂದು ಕೇಳಿ.

ಶಿವಮೊಗ್ಗ, ಆರ್ಕಿಟೆಕ್ಟ್

ಇದು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಬಡಗಿ 8:30ಕ್ಕೆ ಬರುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ಕಡೆ 9:30ರ ಮುಂಚೆ ಯಾರೂ ಬರುವುದಿಲ್ಲ.

ಅದಕ್ಕೇ ಇನ್ನೊಂದು ಮಾತು. ಕ್ಲೈಂಟ್ ನಿಂತು ನೋಡಲೇಬೇಕಾದ ಭೇಟಿಗಳು ತುಂಬ ಕಡಿಮೆ. ಸ್ವಿಚ್ ಪಾಯಿಂಟ್ ಗುರುತು ಹಾಕುವಾಗ ಅವರು ಇರಲೇಬೇಕು, ಯಾಕೆಂದರೆ ಪ್ಲಾಸ್ಟರ್ ಆದ ಮೇಲೆ ಬಾಕ್ಸ್ ಜರುಗಿಸಲು ಗೋಡೆ ಒಡೆಯಬೇಕು. ಗ್ರಾನೈಟ್‌ನಲ್ಲಿ ಸಿಂಕ್‌ಗೆ, ಸ್ಟೌಗೆ ಕಟ್ ಮಾಡುವ ಮುಂಚೆಯೂ ಇರಬೇಕು, ಕತ್ತರಿಸಿದ ಕಲ್ಲು ಮತ್ತೆ ಕೂಡುವುದಿಲ್ಲ. ಕಟ್ಟೆಯ ಎತ್ತರವನ್ನು ಅಡುಗೆ ಮಾಡುವವರು ನಿಂತೇ ಹೇಳಬೇಕು. ಸಾಮಾನ್ಯವಾಗಿ 32ರಿಂದ 34 ಇಂಚು ಇಡುತ್ತೇವೆ, ಎರಡು ಇಂಚು ತಪ್ಪಿದರೂ ದಿನಾ ಬೆನ್ನುನೋವು. ಲ್ಯಾಮಿನೇಟ್ ಬಣ್ಣ, ಹ್ಯಾಂಡಲ್ ಇಂಥವಕ್ಕೆ ಮೀಟಿಂಗ್ ಬೇಡ. ಸ್ಯಾಂಪಲ್ ತುಂಡುಗಳ ಹಿಂದೆ ನಂಬರ್ ಬರೆದು ಅಂಗಡಿಯಲ್ಲೇ ಬಿಟ್ಟುಬನ್ನಿ. ಮನೆಯವರೆಲ್ಲ ನೋಡಿ ನಂಬರ್ ಕಳಿಸುತ್ತಾರೆ. ಮೀಟಿಂಗ್ ಕಡಿಮೆಯಾದರೆ "ಇದಕ್ಕೆ ಮಾತ್ರ ಹಿಂದಿನ ದಿನವೇ ಹೇಳಿ" ಎಂಬ ಮಾತಿಗೂ ತೂಕ ಬರುತ್ತದೆ.

ಧಾರವಾಡ, ಟೈಲರಿಂಗ್ ಘಟಕ ನಡೆಸುವವರು

ಯಾವ ಮೀಟಿಂಗ್ ಬದಲಾಗುತ್ತಿದೆ ಎಂದೂ ಗಮನಿಸಿ. ಅಳತೆಗೆ ಸರಿಯಾಗಿ ಬಂದವರು ಬಟ್ಟೆ ಆರಿಸುವ ದಿನ ಮಾತ್ರ ಮುಂದೂಡಿದರೆ, ನನ್ನ ಅನುಭವದಲ್ಲಿ ಅದು ಸಮಯದ ತೊಂದರೆಯಲ್ಲ. ಮನೆಯಲ್ಲಿ ಒಮ್ಮತ ಆಗಿರುವುದಿಲ್ಲ, ಇಲ್ಲವೇ ಖರ್ಚಿನ ಚಿಂತೆ. ಅಂಥವರಿಗೆ 5 ಗಂಟೆ ಎಂದರೆ 4:55ಕ್ಕೆ ಮುಂದೂಡುತ್ತಾರೆ. ಎರಡೇ ಆಯ್ಕೆ, ಎರಡರ ಬೆಲೆಯೂ ಬರೆದು ಮುಂಚೆಯೇ ಕಳಿಸಿಬಿಡಿ.

ಕೇಳಿದವರು

ಧಾರವಾಡದ ಅಕ್ಕ ಹೇಳಿದ್ದನ್ನು ಓದಿ ಹಳೆಯ ಮೆಸೇಜ್‌ಗಳನ್ನು ನೋಡಿದೆ. ಗ್ರಾನೈಟ್ ವಿಷಯದಲ್ಲೇ ಜಾಸ್ತಿ ಮುಂದೂಡಿದ್ದಾರೆ. ಸಿಂಕ್ ಕಲ್ಲಿನ ಕೆಳಗೆ ಕೂರಿಸುವುದೋ ಮೇಲೆಯೋ ಎಂದು ಅವರಿಗೂ ಮೇಡಂಗೂ ಇನ್ನೂ ತೀರ್ಮಾನವಾಗಿಲ್ಲ. ಆದರೆ ಎರಡು ಸಲ ನಿಜವಾಗಿಯೂ ಅಂಗಡಿಗೆ ಲೋಡ್ ಬಂದಿತ್ತು. ಹಾಗಾಗಿ ಎರಡೂ ಇದೆ.

ಇವತ್ತು ಫೋನ್ ಮಾಡಿದೆ. ಮೊದಲು ಯಾವ ಹೊತ್ತು ಅನುಕೂಲ ಎಂದು ಕೇಳಿದೆ, "ಬೆಳಿಗ್ಗೆ ಒಂಬತ್ತರ ಮುಂಚೆ" ಎಂದರು. ಬಡಗಿ ಬರುವುದಿಲ್ಲ ಎಂದಾಗ "ಹಾಗಾದರೆ ಗುರುವಾರ ಮಧ್ಯಾಹ್ನ ಮೂರಕ್ಕೆ" ಎಂದು ಅವರೇ ಹೇಳಿದರು. ಸಂಜೆ 5ರ ಮಾತು ಹೇಳಿದ್ದಕ್ಕೆ, "ಅವರೆಲ್ಲ ಬೇರೆ ಕೆಲಸ ಬಿಟ್ಟು ಬರುತ್ತಾರೆ ಎಂದು ನೀನು ಹೇಳಲೇ ಇಲ್ಲವಲ್ಲಮ್ಮ" ಎಂದರು. ಆಮೇಲೆ ಮೆಸೇಜ್ ಕಳಿಸಿದೆ, ಸಿಂಕ್‌ನ ಎರಡು ಫೋಟೋ, ಎರಡರ ಬೆಲೆ ಸಮೇತ. ಉತ್ತರ ಬಂದಿಲ್ಲ, ನೀಲಿ ಟಿಕ್ ಬಂದಿದೆ.

ಒಂದು ಸಂಶಯ. ಒಪ್ಪಿದ ಮೇಲೂ ಗುರುವಾರ ಬೆಳಿಗ್ಗೆ ಬದಲಿಸಿದರೆ ಮೊದಲ ಸಲ ಬಿಟ್ಟುಬಿಡಲೇ?

ಹುಬ್ಬಳ್ಳಿ, ಸಿವಿಲ್ ಕಂಟ್ರಾಕ್ಟರ್

ಮೊದಲ ಸಲ ಬಿಡು. ಹಿರಿಯರು, ಅಭ್ಯಾಸವಾಗಲು ಸಮಯ ಬೇಕು.

ಶಿವಮೊಗ್ಗ, ಆರ್ಕಿಟೆಕ್ಟ್

ನಾನು ಬಿಡುವುದಿಲ್ಲ. ಮೊದಲ ಸಲವೇ ಶುಕ್ರವಾರ ಹೋದರೆ 5 ಗಂಟೆಗೆ ಬೆಲೆಯೇ ಇರುವುದಿಲ್ಲ. "ಪರವಾಗಿಲ್ಲ ಸರ್, ಮುಂದಿನ ಬುಧವಾರ 3ಕ್ಕೆ ಬರುತ್ತೇವೆ" ಎಂದಷ್ಟೇ ಹೇಳಿ, ಹಳೆಯ ಮಾತು ನೆನಪಿಸಬೇಡಿ. ಕೂಲಿಯನ್ನು ಈ ಸಲ ನೀವೇ ಕೊಡಿ.

ತುಮಕೂರು, ಅಂಗಡಿ ಮಾಲೀಕರು

ಮೇಡಂ ಅವರನ್ನೂ ಸೇರಿಸಿ ಮೂರು ಜನರ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ. ಆ ಮೆಸೇಜನ್ನು 30 ದಿನಕ್ಕೆ ಪಿನ್ ಮಾಡಿ. ಸಿಂಕ್ ಯಾವುದು ಎಂದು ಹೇಳುವವರು ಅವರೇ ಆಗಿದ್ದರೆ, ಗುರುವಾರ ಮೂರಕ್ಕೆ ಅವರು ಬಂದರೂ ಕೆಲಸ ಆಗುತ್ತದೆ.

ಕೇಳಿದವರು

ಗ್ರೂಪ್ ಮಾಡಿದೆ. ಮೇಡಂ ಈಗಷ್ಟೇ ಬರೆದರು: "ಕಲ್ಲಿನ ಕೆಳಗಿನದೇ ಇರಲಿ. ಒರೆಸಲು ಸುಲಭ. ಗುರುವಾರ ನಾನು ಇರುತ್ತೇನೆ." ಬುಧವಾರ 4 ಗಂಟೆಗೆ ಮತ್ತೆ ಒಮ್ಮೆ ಕೇಳಿ, ಆಮೇಲೆ ಗ್ರಾನೈಟ್‌ನವರಿಗೆ ಹೇಳುತ್ತೇನೆ.