ಸಹಾಯ ಬೇಕು: ಕಾಫಿ ಉಡುಗೊರೆಯಲ್ಲಿ ಗ್ರೈಂಡರೋ, ತಕ್ಕಡಿಯೋ?

ಕಾಸರಗೋಡಿನ ಗೆಳೆಯನೊಬ್ಬ ಈಗಷ್ಟೇ ಬ್ರೂಯಿಂಗ್ ಶುರುಮಾಡಿದ್ದಾನೆ. ಉಡುಗೊರೆಗೆ ಬಜೆಟ್ 4,000 ರೂಪಾಯಿ. ಪೋರ್ ಓವರ್ ಡ್ರಿಪ್ಪರ್, ಪೇಪರ್ ಫಿಲ್ಟರ್, ಡಿಜಿಟಲ್ ತಕ್ಕಡಿ ಆರಿಸಿಟ್ಟಿದ್ದೇನೆ.

ತೊಡಕಿರುವುದು ಪುಡಿಯಲ್ಲಿ. ಅವನ ಮನೆಯಲ್ಲಿರುವುದು ಚಿಕೋರಿ ಬೆರೆಸಿದ ನುಣ್ಣನೆಯ ಫಿಲ್ಟರ್ ಪುಡಿ. 15 ಗ್ರಾಂಗೆ 250 ಮಿಲಿ ನೀರು ಹೊಯ್ದು ನೋಡಿದೆ; ಮೂರು ನಿಮಿಷದಲ್ಲಿ ಇಳಿಯಬೇಕಾದದ್ದು ಏಳಾದರೂ ಪೇಪರಿನಲ್ಲಿ ಕೆಸರಿನ ಹಾಗೆ ನಿಂತಿತ್ತು. ಕಹಿಯೋ ಕಹಿ! ಬೀಜವನ್ನು ಮಿಕ್ಸಿಯಲ್ಲಿ ಹೊಡೆದರೆ ಧೂಳೂ ತರಿಯೂ ಒಟ್ಟಿಗೆ, ಹಾಗಾಗಿ ಒಂದೇ ಲೋಟದಲ್ಲಿ ಹುಳಿ, ಕಹಿ ಎರಡೂ.

ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ ಸೇರಿಸಿದರೆ ತಕ್ಕಡಿ ಬಿಡಬೇಕು. ಫ್ರೆಂಚ್ ಪ್ರೆಸ್ ಆದರೆ ಅಂಗಡಿಯಲ್ಲೇ ತರಿತರಿಯಾಗಿ ಪುಡಿಮಾಡಿಸಿದ್ದು ನಡೆಯುತ್ತದೆ, ಆದರೆ ತಳದಲ್ಲಿ ಗಷ್ಟು ಉಳಿಯುತ್ತದೆ. ಪುಡಿಯ ಪರಿಮಳವೂ ಬೇಗ ಹೋಗುತ್ತದೆ.

ಬಲ್ಲವರು ಹೇಳಿ: ಇದೇ ದುಡ್ಡಿನಲ್ಲಿ ತಕ್ಕಡಿ ಬಿಟ್ಟು ಡ್ರಿಪ್ಪರ್ ಜೊತೆ ಗ್ರೈಂಡರ್ ಕೊಡಲೋ, ಫ್ರೆಂಚ್ ಪ್ರೆಸ್ ಜೊತೆ ತಕ್ಕಡಿ ಕೊಡಲೋ?