ಅಪ್‌ಡೇಟ್: 0.5% ಇಳಿಜಾರಿಗೆ ಸಾಲಿನ ಉದ್ದ, ನೀರಿನ ಹರಿವು

ನನ್ನ ಪ್ರಶ್ನೆ: «ಜೇಡಿಗೋಡು ಮಣ್ಣು, ಇಳಿಜಾರು 0.5%, ಸಾಲಿನ ಅಂತರ 0.75 ಮೀ., ಉದ್ದ 200 ಮೀ. ತಲೆಯಲ್ಲಿ ನೀರು ಹೆಚ್ಚಾಗಿ ಇಂಗುತ್ತೆ, ಬಾಲ ಒಣಗುತ್ತೆ. ಎಷ್ಟು ಉದ್ದ, ಎಷ್ಟು ನೀರು ಸರಿ?»

ಮಣ್ಣು ಕೊಚ್ಚದ ಗರಿಷ್ಠ ಹರಿವಿಗೆ 0.6 ಅನ್ನು ಶೇಕಡಾ ಇಳಿಜಾರಿನಿಂದ ಭಾಗಿಸಿದೆ: ಸೆಕೆಂಡಿಗೆ 1.2 ಲೀಟರ್. ಇದು ಅಂದಾಜು ಮಾತ್ರ. 1.5ಕ್ಕೆ ಏರಿಸಿದಾಗ ಸಾಲಿನ ತಲೆಯಲ್ಲೇ ತಳ ಕೊರೆದು ನೀರು ಕೆಂಪಾಯಿತು, ಹಾಗಾಗಿ 1.2ಕ್ಕೇ ನಿಲ್ಲಿಸಿದೆ.

25 ಮೀಟರಿಗೊಂದು ಗೂಟ ನೆಟ್ಟು ನೀರು ಮುಟ್ಟಿದ ಹೊತ್ತು ಬರೆದುಕೊಂಡೆ. 100 ಮೀ.ಗೆ 36 ನಿಮಿಷ, 150ಕ್ಕೆ 64, 200ಕ್ಕೆ 96. ಬೇರಿನ ಆಳಕ್ಕೆ 60 ಮಿ.ಮೀ. ನೀರು ಇಂಗಲು ಸುಮಾರು 4 ಗಂಟೆ ಬೇಕು. ಅದರ ಸುಮಾರು ಕಾಲು ಭಾಗದಲ್ಲಿ ನೀರು ಬಾಲ ಮುಟ್ಟಿದರೆ ತಲೆಗೂ ಬಾಲಕ್ಕೂ ಹೆಚ್ಚು ವ್ಯತ್ಯಾಸ ಉಳಿಯದು. ಅದಕ್ಕೇ 150 ಮೀ.ಗೆ ಸಾಲು ಕಡಿದೆ.

ನನಗೆ ಹೆಚ್ಚು ಉಪಯೋಗವಾದದ್ದು ಬಾಲದ ಅಳತೆ. ಹರಿವು ಸ್ಥಿರವಾದ ಮೇಲೆ ಒಳಗೆ 1.2, ಹೊರಗೆ 0.75. ಅಂದರೆ ಇಡೀ ಸಾಲು ಇಂಗಿಸುವುದು ಸೆಕೆಂಡಿಗೆ 0.45 ಲೀಟರ್, 112.5 ಚದರ ಮೀಟರಿಗೆ ಗಂಟೆಗೆ 14.4 ಮಿ.ಮೀ. ನೀರು ತುದಿ ಮುಟ್ಟಿದ ಕೂಡಲೇ ಹರಿವನ್ನು 0.6ಕ್ಕೆ ಇಳಿಸಿ ಇನ್ನೂ 4 ಗಂಟೆ ಬಿಡುತ್ತೇನೆ. 0.45ಕ್ಕಿಂತ ಕೆಳಗಿಳಿಸಿದರೆ ಬಾಲ ಮತ್ತೆ ಒಣಗುತ್ತದೆ.

ಉತ್ತ ನಂತರದ ಮೊದಲ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ. ಸಡಿಲ ಮಣ್ಣು ಬೇಗ ಹೀರುವುದರಿಂದ ನೀರು ನಿಧಾನ ಸಾಗುತ್ತದೆ. ಗೂಟದ ಅಳತೆ ಆಗ ಬೇರೆಯೇ ತೆಗೆಯಬೇಕು.