ಡಿಮ್ಮರ್‌ಗೆ ಹಾಕಿದ ಎಲ್‌ಇಡಿ ಬಲ್ಬುಗಳ ಗುಂಯ್ ಸದ್ದು ಮತ್ತು ಮಿಣುಕು: ಅನುಭವ ಹಂಚಿಕೆ

ಬಳ್ಳಾರಿಯ ಗೃಹಿಣಿಯೊಬ್ಬರ ಕೋರಿಕೆ

ನಮ್ಮ ಪಡಸಾಲೆಯ ಫಾಲ್ಸ್ ಸೀಲಿಂಗ್‌ನಲ್ಲಿ ಒಂದೇ ಡಿಮ್ಮರ್‌ಗೆ ನಾಲ್ಕು ಹೋಲ್ಡರ್‌ಗಳಿವೆ. ಮೊದಲು 60 ವ್ಯಾಟಿನ ಹಳೆಯ ಬಲ್ಬುಗಳಿದ್ದವು, ಈಗ 7 ವ್ಯಾಟಿನ ಎಲ್‌ಇಡಿ ಹಾಕಿದ್ದೇವೆ. ನಾಬ್ ಅರ್ಧದವರೆಗೆ ತಿರುಗಿಸಿದರೂ ಬೆಳಕು ಕಡಿಮೆಯಾಗುವುದಿಲ್ಲ, ಗುಂಯ್ ಎಂಬ ಸದ್ದು ಮಾತ್ರ ಏರುತ್ತದೆ. ಅರ್ಧ ದಾಟಿದರೆ ನಾಲ್ಕೂ ಮಿಣುಕತೊಡಗುತ್ತವೆ. ಹೊಸ ಡಿಮ್ಮರ್ ಹಾಕಿಸಿದರೂ ಹಾಗೆಯೇ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಿಂಧನೂರಿನ ಎಲೆಕ್ಟ್ರಿಕಲ್ ಅಂಗಡಿಯವರು

ಮೇಡಂ, ಡಿಮ್ಮರ್ ಬದಲಿಸಿದ ಹಣ ದಂಡವಾಯಿತು, ತಪ್ಪು ಬಲ್ಬಿನಲ್ಲಿದೆ. ಅಗ್ಗದ ಬಲ್ಬುಗಳ ಒಳಗಿನ ಸರ್ಕ್ಯೂಟ್ ಕಳಪೆಯಾಗಿರುವುದರಿಂದ ಸದ್ದು ಮಾಡುತ್ತವೆ. ಒಳ್ಳೆಯ ಕಂಪನಿಯ, ಎರಡು ವರ್ಷ ಗ್ಯಾರಂಟಿಯ ಬಲ್ಬು ಹಾಕಿರಿ. ಅದೂ ಬೇಡವೆಂದರೆ ಡಿಮ್ಮರ್ ತೆಗೆದು ಫ್ಯಾನಿನ ಸ್ಟೆಪ್ ರೆಗ್ಯುಲೇಟರ್ ಹಾಕಿಸಿರಿ. ನನ್ನ ಅಂಗಡಿಯ ಮುಂದಿನ ದೀಪವನ್ನು ನಾನು ಹಾಗೆಯೇ ಮಂದ ಮಾಡಿಕೊಂಡಿದ್ದೇನೆ, ಇದುವರೆಗೆ ತೊಂದರೆ ಬಂದಿಲ್ಲ.

ಕುಷ್ಟಗಿಯಿಂದ ಒಬ್ಬರು

ನಮ್ಮಲ್ಲಿಯೂ ಇದೇ ಗೋಳು. ಪಕ್ಕದ ತೋಟದ ಪಂಪು ಚಾಲೂ ಆದೊಡನೆ ಮನೆಯ ದೀಪಗಳೆಲ್ಲ ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತವೆ. ಡಿಮ್ಮರ್ ಇಲ್ಲದ ಅಡುಗೆಮನೆಯ ದೀಪವೂ ಹಾಗೆಯೇ ಮಾಡುತ್ತದೆ. ಸ್ಟೆಬಿಲೈಸರ್ ಹಾಕಿದರೆ ಇಬ್ಬರ ಸಮಸ್ಯೆಯೂ ಪರಿಹಾರವಾಗುವುದಲ್ಲವೇ?

ರಾಯಚೂರಿನಿಂದ, ವಿದ್ಯುತ್ ನಿರ್ವಹಣೆಯ ಕೆಲಸದಿಂದ ನಿವೃತ್ತರಾದವರು

ಕುಷ್ಟಗಿಯವರದು ಬೇರೆ ರೋಗ. ಪಂಪು ಹಿಡಿಯುವಾಗ ಎಳೆಯುವ ಹೆಚ್ಚಿನ ಕರೆಂಟಿನಿಂದ ಲೈನಿನ ವೋಲ್ಟೇಜ್ ಕ್ಷಣಕಾಲ ಕುಸಿಯುವುದು ಅದಕ್ಕೆ ಕಾರಣ. ಮನೆಗೆ ಮೂರು ಫೇಸ್ ಇದ್ದು, ಒಂದು ಕೋಣೆ ಅತಿಯಾಗಿ ಬೆಳಗುವಾಗ ಇನ್ನೊಂದು ಮಂಕಾಗುತ್ತಿದ್ದರೆ ಮಾತ್ರ ತಡಮಾಡದೆ ಲೈನ್‌ಮನ್ನರನ್ನು ಕರೆಸಿ ನ್ಯೂಟ್ರಲ್ ಜೋಡಣೆಯನ್ನು ನೋಡಿಸಿರಿ. ಬಳ್ಳಾರಿಯ ತಾಯಿಯವರ ಮನೆಯಲ್ಲಿ ಡಿಮ್ಮರ್ ಇರುವ ದೀಪಗಳು ಮಾತ್ರ ಮಿಣುಕುತ್ತಿವೆ, ಅದೂ ನಾಬಿನ ಸ್ಥಾನಕ್ಕೆ ತಕ್ಕಂತೆ. ಅದಕ್ಕೆ ಸ್ಟೆಬಿಲೈಸರ್ ಏನೂ ಮಾಡಲಾರದು.

ಅಂಗಡಿಯವರ ಮಾತು ಅರ್ಧ ಸರಿ. ಕಾರಣದ ಒಂದು ಭಾಗ ಬಲ್ಬಿನಲ್ಲಿದೆ, ಆದರೆ ಅದು ಕಳಪೆಯಾದ್ದರಿಂದ ಹಾಗಾಗುವುದಲ್ಲ. ಒಳ್ಳೆಯ ಬಲ್ಬೇ ಡಿಮ್ಮರ್‌ನೊಡನೆ ಹೆಚ್ಚು ಹಠ ಮಾಡುವುದುಂಟು.

ಮೊದಲು ಡಿಮ್ಮರ್‌ನ ಹಿಂಬದಿಯನ್ನು ನೋಡಿರಿ. ಹಳೆಯ ಬಗೆಯವುಗಳ ಮೇಲೆ 60ರಿಂದ 400 ವ್ಯಾಟ್ ಎಂಬಂತಹ ಬರಹ ಇರುತ್ತದೆ. ಎಲ್ಲರೂ 400ನ್ನು ಓದುತ್ತಾರೆ, ಕನಿಷ್ಠ ಇಷ್ಟಾದರೂ ವ್ಯಾಟಿನ ಲೋಡ್ ಇರಬೇಕೆಂದು ಹೇಳುವ 60ನ್ನು ಯಾರೂ ಓದುವುದಿಲ್ಲ. ಡಿಮ್ಮರ್‌ನೊಳಗಿನ ಟ್ರಯಾಕ್ ಸೆಕೆಂಡಿಗೆ ನೂರು ಬಾರಿ, ಅಂದರೆ ಮನೆಗೆ ಬರುವ ಕರೆಂಟಿನ ಪ್ರತಿ ಅರ್ಧ ಅಲೆಗೆ ಒಮ್ಮೆ, ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಒಮ್ಮೆ ತೆರೆದ ಬಾಗಿಲು ತೆರೆದೇ ಉಳಿಯಬೇಕಾದರೆ ಅದರ ಮೂಲಕ ಒಂದಿಷ್ಟು ಕರೆಂಟು ಬಿಡದೆ ಹರಿಯುತ್ತಿರಬೇಕು. ಹಳೆಯ ನಾಲ್ಕು ಬಲ್ಬುಗಳು ಸೇರಿ 240 ವ್ಯಾಟ್, ಸುಮಾರು ಒಂದು ಆಂಪಿಯರ್. ಆಗ ಆ ಚಿಂತೆಯೇ ಇರಲಿಲ್ಲ. ಈಗ ನಾಲ್ಕಕ್ಕೂ ಸೇರಿ 28 ವ್ಯಾಟ್, ಅಂದರೆ ಹಿಂದಿನದರ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದೂ ಬಲ್ಬಿನೊಳಗೆ ಎಲ್‌ಇಡಿಗೆ ಕರೆಂಟನ್ನು ಹೊಂದಿಸಿ ಕೊಡುವ ಸರ್ಕ್ಯೂಟಾದ ಡ್ರೈವರ್ ಒಂದೇ ಸಮನೆ ಎಳೆಯದೆ, ತನ್ನ ಕೆಪಾಸಿಟರ್ ತುಂಬುವಷ್ಟು ಹೊತ್ತು ಗುಟುಕರಿಸಿ ಸುಮ್ಮನಾಗುತ್ತದೆ. ಕರೆಂಟು ನಿಂತೊಡನೆ ಬಾಗಿಲು ಅಕಾಲದಲ್ಲಿ ಮುಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಅದೇ ಅಲೆಯಲ್ಲಿ ಮತ್ತೆ ತೆರೆಯುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಈ ಏರುಪೇರು ನಿಮಗೆ ಮಿಣುಕಾಗಿ ಕಾಣುತ್ತದೆ. ಹೊಸ ಡಿಮ್ಮರ್ ಕೂಡ ಅದೇ ಬಗೆಯದಾದರೆ ಅದೇ ಆಟ ಮುಂದುವರಿಯುತ್ತದೆ.

ಆದರೆ ನಾಬಿನ ಮೊದಲರ್ಧದಲ್ಲಿ ಬೆಳಕು ಇಳಿಯದಿರುವುದಕ್ಕೆ ಇದು ಉತ್ತರವಲ್ಲ. ಬಲ್ಬಿನ ಡಬ್ಬಿಯ ಮೇಲೆ 100ರಿಂದ 300 ವೋಲ್ಟ್ ಎಂದೇನಾದರೂ ಇದೆಯೇ ನೋಡಿರಿ. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೂ ಬೆಳಕು ಒಂದೇ ಸಮನಿರಲಿ ಎಂದು ನಾವೇ ಹುಡುಕಿ ತರುವ ಗುಣ ಅದು. ವೋಲ್ಟೇಜ್ ಕಡಿಮೆಯಾದಷ್ಟೂ ಹೆಚ್ಚು ಕರೆಂಟು ಎಳೆದು ಬೆಳಕನ್ನು ಕಾಪಾಡುವ ಡ್ರೈವರ್‌ಗೆ, ಡಿಮ್ಮರ್ ಮಾಡುವ ಕೆಲಸವೂ ಒಂದು ವೋಲ್ಟೇಜ್ ತೊಂದರೆಯಾಗಿಯೇ ಕಾಣುತ್ತದೆ. ಮೇಲಾಗಿ ನಾಬ್ ನಡುವಿನಲ್ಲಿದ್ದಾಗ ಡಿಮ್ಮರ್ ಅರ್ಧ ಅಲೆಯ ಮೊದಲ ಭಾಗವನ್ನು ಮಾತ್ರ ಕತ್ತರಿಸಿರುತ್ತದೆ, ಅಲೆಯ ತುದಿಯನ್ನು ಮುಟ್ಟಿರುವುದಿಲ್ಲ. 230 ವೋಲ್ಟಿನ ಅಲೆಯ ತುದಿ 325 ವೋಲ್ಟ್. ಕೆಪಾಸಿಟರ್ ಆ ತುದಿಯವರೆಗೆ ತುಂಬಿಕೊಳ್ಳುವುದರಿಂದ ಬಲ್ಬಿಗೆ ಏನೂ ಕಡಿಮೆಯಾದಂತೆ ಅನಿಸುವುದಿಲ್ಲ. ನಡು ದಾಟಿದ ಮೇಲೆ ಸಿಗುವ ತುದಿ ಕುಗ್ಗುತ್ತ ಹೋಗಿ, ಒಂದು ಹಂತದಲ್ಲಿ ಡ್ರೈವರ್ ಕೈಚೆಲ್ಲಿ ಆರುತ್ತದೆ. ಆರಿದೊಡನೆ ಕೆಪಾಸಿಟರ್ ಮತ್ತೆ ತುಂಬಿ ಹೊತ್ತಿಕೊಳ್ಳುತ್ತದೆ. ಇದು ಎರಡನೆಯ ಬಗೆಯ ಮಿಣುಕು.

ಸದ್ದಿನ ಮೂಲವೂ ಅಲ್ಲಿಯೇ ಇದೆ. ನಡುವಿನ ಸ್ಥಾನದಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಸೊನ್ನೆಯಿಂದ 325 ವೋಲ್ಟಿಗೆ ಒಮ್ಮೆಲೇ ಜಿಗಿತವಾಗುತ್ತದೆ. ಆ ಏಟಿಗೆ ಡ್ರೈವರ್‌ನ ಕಾಯಿಲ್ ಮತ್ತು ಕೆಪಾಸಿಟರ್ ಸೆಕೆಂಡಿಗೆ ನೂರು ಬಾರಿ ಅದುರುತ್ತವೆ. ಹಳೆಯ ತಂತಿಯ ಬಲ್ಬುಗಳೂ ಡಿಮ್ಮರ್ ಮೇಲೆ ಸಣ್ಣಗೆ ಹಾಡುತ್ತಿದ್ದವು, ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಎರಡು ಮಿಣುಕುಗಳಲ್ಲಿ ನಿಮ್ಮದು ಯಾವುದೆಂದು ತಿಳಿಯಲು ಒಂದು ಪರೀಕ್ಷೆ ಮಾಡಿರಿ. ಎಂಸಿಬಿ ಆಫ್ ಮಾಡಿ, ಒಂದು ಹೋಲ್ಡರ್‌ನ ಎಲ್‌ಇಡಿ ತೆಗೆದು ಹಳೆಯ 60 ವ್ಯಾಟಿನ ಬಲ್ಬು ಹಾಕಿರಿ. ಫಾಲ್ಸ್ ಸೀಲಿಂಗ್‌ನಲ್ಲಿ ಅದು ಕಾಯುವುದರಿಂದ ಐದು ನಿಮಿಷಕ್ಕಿಂತ ಹೆಚ್ಚು ಇಡಬೇಡಿರಿ. ಉಳಿದ ಮೂರರ ಮಿಣುಕು ಪೂರ್ತಿ ನಿಂತರೆ ಕೊರತೆ ಲೋಡಿನದು. ತಂತಿಯ ಬಲ್ಬು ಶಾಂತವಾಗಿ ಉರಿಯುತ್ತಿರುವಾಗ ಎಲ್‌ಇಡಿಗಳು ಮಾತ್ರ ಆರಿ ಹತ್ತುತ್ತಿದ್ದರೆ, ಡಿಮ್ಮರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ, ಡ್ರೈವರ್ ಒಪ್ಪುತ್ತಿಲ್ಲ ಎಂದರ್ಥ.

ಬಳ್ಳಾರಿಯ ಗೃಹಿಣಿ, ಎರಡು ದಿನಗಳ ನಂತರ

ಸರ್, ಡಬ್ಬಿಯ ಮೇಲೆ 100–300 ವೋಲ್ಟ್ ಎಂದೇ ಇದೆ, ಡಿಮ್ಮರ್ ಮೇಲೆ 60–400 ವ್ಯಾಟ್ ಎಂದಿದೆ. ದೇವರ ಕೋಣೆಯ ಝೀರೋ ಬಲ್ಬು ಮೊದಲು ಕೈಗೆ ಸಿಕ್ಕಿದ್ದರಿಂದ ಅದನ್ನು ಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೆ ಅಟ್ಟದ ಮೇಲಿದ್ದ 60 ವ್ಯಾಟಿನ ಬಲ್ಬು ಹಾಕಿದೆ. ಅರ್ಧ ದಾಟಿದೊಡನೆ ಬರುತ್ತಿದ್ದ ಮಿಣುಕು ನಿಂತಿತು. ಆದರೆ ಮುಕ್ಕಾಲು ದಾಟಿದ ಮೇಲೆ ತಂತಿಯ ಬಲ್ಬು ಕೆಂಪಗೆ ಸುಮ್ಮನೆ ಉರಿಯುತ್ತಿದ್ದರೆ, ಮೂರು ಎಲ್‌ಇಡಿಗಳು ಒಂದೊಂದು ಒಂದೊಂದು ಹೊತ್ತಿಗೆ ಆರಿ ಹತ್ತಿದವು. ಸದ್ದು ಮಾತ್ರ ಹಾಗೆಯೇ ಇದೆ. ತಂತಿಯ ಬಲ್ಬೂ ಹಾಡುತ್ತಿತ್ತೆಂದು ನಮ್ಮ ಅತ್ತೆಯವರು ಹೇಳಿದರು.

ರಾಯಚೂರಿನ ನಿವೃತ್ತರು

ಹಾಗಾದರೆ ಎರಡೂ ಕಾರಣಗಳಿವೆ. ಝೀರೋ ಬಲ್ಬು ಹೆಸರಿಗೆ ಮಾತ್ರ ಝೀರೋ, ಎಳೆಯುವುದು 15 ವ್ಯಾಟಿನ ಆಸುಪಾಸು. 21ಕ್ಕೆ 15 ಸೇರಿದರೂ 36, ಅಲ್ಲಿ ಬರೆದಿರುವ 60 ಮುಟ್ಟಲಿಲ್ಲ. ಡಬ್ಬಿಯ ಮೇಲೆ ‘ಡಿಮ್ಮಬಲ್’ ಎಂದು ಸ್ಪಷ್ಟವಾಗಿ ಬರೆದ ಮೂರು ಬಲ್ಬುಗಳನ್ನು ತಂದು, ನಾಲ್ಕರಲ್ಲಿ ಒಂದು ಹೋಲ್ಡರ್‌ಗೆ 40 ವ್ಯಾಟಿನ ತಂತಿಯ ಬಲ್ಬನ್ನು ಕಾಯಂ ಇಟ್ಟುಬಿಟ್ಟರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

ಗಂಗಾವತಿಯ ವೈರಿಂಗ್ ಕೆಲಸದವರು

ಹಿರಿಯರ ಪರೀಕ್ಷೆ ಸರಿ, ಈ ಸಲಹೆಗೆ ಮಾತ್ರ ನನ್ನ ತಕರಾರಿದೆ. ವಿದ್ಯುತ್ ಉಳಿಸಲು ಎಲ್‌ಇಡಿ ಹಾಕಿದವರು ಅದನ್ನು ಮಿಣುಕದಂತೆ ಇಡಲು 40 ವ್ಯಾಟ್ ಉರಿಸುವುದು, ಅದೂ ಜಿಪ್ಸಂ ಸೀಲಿಂಗ್‌ನೊಳಗೆ, ನನಗೆ ಒಪ್ಪಿಗೆಯಿಲ್ಲ. ಮೂರು ಬಲ್ಬು ಒಂದು ಬಣ್ಣ, ಒಂದು ಇನ್ನೊಂದು ಬಣ್ಣ ಎಂದು ಮನೆಯವರೂ ಬೈಯುತ್ತಾರೆ. ಎಲ್‌ಇಡಿಗೆಂದೇ ಮಾಡಿದ, ಅಲೆಯ ಮುಂಭಾಗದ ಬದಲು ಹಿಂಭಾಗವನ್ನು ಕತ್ತರಿಸುವ ಡಿಮ್ಮರ್‌ಗಳು ಸಿಗುತ್ತವೆ. ಟ್ರೇಲಿಂಗ್ ಎಡ್ಜ್ ಎಂದು ಕೇಳಿ ಪಡೆಯಬೇಕು. ಅವುಗಳಲ್ಲಿ ವೋಲ್ಟೇಜ್ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಆ ಜಿಗಿತ ಇರುವುದಿಲ್ಲ. ಕನಿಷ್ಠ ಲೋಡ್ ಹತ್ತು ವ್ಯಾಟಿಗಿಂತ ಕಡಿಮೆ ಇರುವಂಥದ್ದನ್ನೇ ನೋಡಿ ಕೊಳ್ಳಿರಿ. ಕೆಲವುಗಳಲ್ಲಿ ಪಕ್ಕಕ್ಕೆ ಒಂದು ಸಣ್ಣ ತಿರುಪು ಇರುತ್ತದೆ. ಬಲ್ಬು ಮಿಣುಕುವ ಹಂತಕ್ಕಿಂತ ಸ್ವಲ್ಪ ಮೇಲೆಯೇ ಬೆಳಕು ನಿಲ್ಲುವಂತೆ ಅದನ್ನು ಹೊಂದಿಸಬೇಕು.

ಅಂಗಡಿಯ ಅಣ್ಣನವರ ಫ್ಯಾನ್ ರೆಗ್ಯುಲೇಟರ್ ವಿಚಾರವನ್ನು ಬೇರೆಯವರು ಅನುಸರಿಸಬಾರದೆಂದು ಕೇಳಿಕೊಳ್ಳುತ್ತೇನೆ. ಅದರೊಳಗಿನ ಕೆಪಾಸಿಟರ್‌ಗಳನ್ನು ಫ್ಯಾನಿನ ಮೋಟಾರಿಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಏಳು ವ್ಯಾಟಿನ ಡ್ರೈವರ್ ಮುಂದೆ ಬಂದಾಗ ಅದು ಎಷ್ಟು ಇಳಿಸುತ್ತದೆ ಎಂಬುದಕ್ಕೆ ಹಿಡಿತವೇ ಇಲ್ಲ. ಅವರದು ನಡೆಯುತ್ತಿದ್ದರೆ ಬಲ್ಬು ಡಿಓಬಿ, ಅಂದರೆ ಎಲ್‌ಇಡಿ ತಟ್ಟೆಯ ಮೇಲೆಯೇ ಡ್ರೈವರ್ ಇರುವ ಬಗೆಯದಿರಬಹುದು, ನೋಡದೆ ಹೇಳಲಾರೆ.

ಸಿಂಧನೂರಿನ ಅಂಗಡಿಯವರು

ಬಿಚ್ಚಿ ನೋಡಿದೆ. ಎಲ್‌ಇಡಿ ಇರುವ ತಟ್ಟೆಯ ಮೇಲೆಯೇ ಸಣ್ಣ ಐಸಿಗಳಿವೆ, ಬೇರೆ ಡ್ರೈವರ್ ಇಲ್ಲ. ಆದರೂ ನನ್ನ ದೀಪ ಮೂರು ವರ್ಷದಿಂದ ಉರಿಯುತ್ತಿದೆಯೆಂಬುದು ಸುಳ್ಳಲ್ಲ.

ಬಳ್ಳಾರಿಯ ಗೃಹಿಣಿ, ಮುಂದಿನ ವಾರ

ಡಿಮ್ಮಬಲ್ ಬಲ್ಬು ಇಲ್ಲಿ ಎರಡೇ ಸಿಕ್ಕವು. ಅವೆರಡನ್ನೂ 60 ವ್ಯಾಟಿನ ಬಲ್ಬಿನ ಜೊತೆಗೆ ಹಳೆಯ ಡಿಮ್ಮರ್‌ನಲ್ಲಿಯೇ ಹಾಕಿ ನೋಡಿದೆ. ಈಗ ನಾಬ್ ತಿರುಗಿಸಿದ ಆರಂಭದಿಂದಲೇ ಬೆಳಕು ಇಳಿಯುತ್ತದೆ, ಕೊನೆಯ ಸ್ವಲ್ಪ ಭಾಗ ಬಿಟ್ಟರೆ ಮಿಣುಕಿಲ್ಲ. 60ರ ಬಲ್ಬನ್ನು ತೆಗೆದರೆ ಎರಡೂ ಮತ್ತೆ ಮಿಣುಕುತ್ತವೆ. ಸದ್ದು ಅರ್ಧಕ್ಕಿಂತ ಕಡಿಮೆಯಾಗಿದೆ, ಆದರೆ ಟಿವಿ ಆರಿಸಿದ ಮೇಲೆ ಕೇಳಿಸುತ್ತದೆ. ಗಂಗಾವತಿಯವರು ಹೇಳಿದ ಡಿಮ್ಮರ್ ನಮ್ಮ ಸ್ವಿಚ್ ಪ್ಲೇಟಿನ ಅಳತೆಗೆ ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ತರಿಸಲು ಹೇಳಿದ್ದೇನೆ. ಅದು ಬಂದರೆ ಸದ್ದು ಪೂರ್ತಿ ಹೋಗುವುದೇ?

ರಾಯಚೂರಿನ ನಿವೃತ್ತರು

ಜಿಗಿತವೇ ಇಲ್ಲದ ಮೇಲೆ ಸದ್ದಿಗೆ ಕಾರಣ ಉಳಿಯುವುದಿಲ್ಲ, ಹೋಗಬೇಕು.

ಗಂಗಾವತಿಯ ವೈರಿಂಗ್ ಕೆಲಸದವರು

ನಾನು ಹಾಗೆ ಮಾತು ಕೊಡಲಾರೆ. ಒಂದು ಲಾಡ್ಜಿನ ಆರು ಕೋಣೆಗಳಿಗೆ ಒಂದೇ ಬಗೆಯ ಟ್ರೇಲಿಂಗ್ ಎಡ್ಜ್ ಡಿಮ್ಮರ್ ಹಾಕಿದ್ದೆ. ಒಂದು ಕಂಪನಿಯ ಡಿಮ್ಮಬಲ್ ಬಲ್ಬು ಮೌನವಾಗಿತ್ತು, ಇನ್ನೊಂದರದು ಅದೇ ಡಿಮ್ಮರ್ ಮೇಲೆ ಗುಂಯ್ ಎನ್ನುತ್ತಿತ್ತು. ಡಿಮ್ಮರ್ ಬಂದ ಮೇಲೆ ಮಿಕ್ಕ ಎರಡು ಬಲ್ಬುಗಳನ್ನು ಒಟ್ಟಿಗೆ ಕೊಳ್ಳದೆ, ಒಂದನ್ನು ತಂದು ರಾತ್ರಿ ಫ್ಯಾನ್ ಆರಿಸಿ, ನಾಬನ್ನು ನಡುವಿಗೆ ಇಟ್ಟು ಕೇಳಿರಿ. ಸದ್ದು ಬಂದರೆ ಅದು ಸೀಲಿಂಗ್‌ನಿಂದಲೋ ಸ್ವಿಚ್ ಬಾಕ್ಸಿನಿಂದಲೋ ಎಂದು ಕಿವಿ ಹತ್ತಿರ ಇಟ್ಟು ತಿಳಿದುಕೊಳ್ಳಿರಿ. ಸೀಲಿಂಗ್‌ನಿಂದಾದರೆ ಅಂಗಡಿಯವರಿಗೆ ಬಲ್ಬನ್ನು ಹಿಂತಿರುಗಿಸಿ ಬೇರೆ ಕಂಪನಿಯದನ್ನು ಕೇಳಿರಿ. ಬಿಲ್ಲನ್ನು ಮಾತ್ರ ಇಟ್ಟುಕೊಂಡಿರಿ.